ಹೊಸ ಎವಿಆರ್ ಹಾಕಿದ ಮೇಲೆ ಮೆಗಾವ್ಯಾಟ್ ತೂಗಾಡ್ಲಾಕತ್ತದ, ಪಿಎಸ್‌ಎಸ್ ಟ್ಯೂನಿಂಗ್ ಹ್ಯಾಂಗ?

ಸೇಡಂ ರಸ್ತೆ

ನಮಸ್ಕಾರ ಎಲ್ಲರಿಗೂ. ಸೇಡಂ ಕಡಿ ಒಂದು ಸಿಮೆಂಟ್ ಫ್ಯಾಕ್ಟರಿಯ ಕ್ಯಾಪ್ಟಿವ್ ಪ್ಲಾಂಟಿನ ವಿಷಯ. 30 ಮೆಗಾವ್ಯಾಟ್ ಸ್ಟೀಮ್ ಟರ್ಬೈನ್, 37.5 ಎಂವಿಎ ಜನರೇಟರ್, 11 ಕೆವಿ. ಟ್ರಾನ್ಸ್‌ಫಾರ್ಮರ್ ಮೇಲಿಂದ 110 ಕೆವಿಗೆ ಏರಿಸಿ ಎರಡು ಸರ್ಕ್ಯೂಟ್ ಲೈನಿನ ಮ್ಯಾಲೆ ಗ್ರಿಡ್ಡಿಗೆ ಹೋಗ್ತದ. ಹಳೇ ಎಕ್ಸೈಟೇಶನ್ ತೆಗೆದು ಥೈರಿಸ್ಟರ್ ಸ್ಟ್ಯಾಟಿಕ್ ಎಕ್ಸೈಟರ್, ಡಿಜಿಟಲ್ ಎವಿಆರ್ ಹಾಕ್ಯಾರ. ಎವಿಆರ್ ಗೇನ್ 200.

ಹಗಲಿನ್ಯಾಗ ಏನೂ ತ್ರಾಸಿಲ್ಲ. ರಾತ್ರಿ ಕಿಲ್ನ್ ನಿಂತಾಗ 24 ಮೆಗಾವ್ಯಾಟ್ ಹೊರಗ ಹೋಗ್ತದ, ಅದೇ ಹೊತ್ತಿಗೆ ಗ್ರಿಡ್ ವೋಲ್ಟೇಜ್ ಏರಿ ಮಷೀನ್ ಲೀಡಿಂಗ್‌ಗೆ ಹೋಗ್ತದ, ಸುಮಾರು ಮೈನಸ್ 6 ಎಂವಾರ್. ಇಂಥಾ ಹೊತ್ತಿನ್ಯಾಗ ಒಂದು ಸರ್ಕ್ಯೂಟ್ ಮೇಂಟೆನೆನ್ಸ್‌ಗೆ ತೆಗೆದ್ರ ಸಾಕು, ಮೆಗಾವ್ಯಾಟ್ ಮೀಟರಿನ ಮುಳ್ಳು ಆ ಕಡಿ ಈ ಕಡಿ 1.5 ಮೆಗಾವ್ಯಾಟ್ ತೂಗ್ತದ. ಗಡಿಯಾರ ಹಿಡಿದು ಎಣಿಸಿದ್ವಿ, 20 ಸೆಕೆಂಡಿಗೆ 19 ತೂಗು. ತಾನಾಗಿ ಬೆಳೆದು ಟ್ರಿಪ್ ಆಗಂಗಿಲ್ಲ, ಸಾಯಂಗೂ ಇಲ್ಲ. ಎವಿಆರ್ ಒಳಗ ಪಿಎಸ್‌ಎಸ್, ಅಂದ್ರ ಪವರ್ ಸಿಸ್ಟಮ್ ಸ್ಟೆಬಿಲೈಸರ್ ಬ್ಲಾಕ್ ಅದ, ಎರಡು ಇನ್‌ಪುಟ್ಟಿಂದು, PSS2B ಅಂತ ಸ್ಕ್ರೀನಿನ ಮ್ಯಾಲೆ ಬರ್ತದ. ಆದ್ರ ಆನ್ ಮಾಡಿಲ್ಲ. ಆನ್ ಮಾಡಬೇಕೋ, ಗೇನ್ ಇಳಿಸಬೇಕೋ? ಮಾಡೋದಾದ್ರ ಯಾವ ಸೆಟ್ಟಿಂಗ್?

ಟರ್ಬೈನ್ ಕಾಕಾ

ಇದು ಗವರ್ನರ್ ಹಂಟಿಂಗ್ ಅದರಿ. ಮೆಗಾವ್ಯಾಟ್ ಕೊಡೋದು ಟರ್ಬೈನ್, ಎವಿಆರ್ ಅಲ್ಲ. ಡ್ರೂಪ್ 4 ಇದ್ರ 5 ಪರ್ಸೆಂಟ್ ಮಾಡ್ರಿ, ಸರ್ವೋ ವಾಲ್ವಿನ ಡೆಡ್ ಬ್ಯಾಂಡ್ ನೋಡ್ರಿ, ಆಕ್ಚುಯೇಟರ್ ಎಣ್ಣಿ ಬದಲಿಸ್ರಿ.

ತೊಗರಿ ಹೊಲ

ಅಣ್ಣಾವ್ರ, ನಮ್ಮ ಹೊಲದ ಪಂಪಿಗೂ ವೋಲ್ಟೇಜ್ ಭಾಳ ಏರಿಳಿತ ಅದ. 5 ಎಚ್‌ಪಿ ಮೋಟರಿಗೆ ಯಾವ ಸ್ಟೆಬಿಲೈಸರ್ ಹಾಕಬೇಕು? ಸರ್ವೋನೋ ರಿಲೇ ಟೈಪೋ?

ಭೀಮಾ ತೀರ

ತೊಗರಿ ಹೊಲದವ್ರ, ಹೆಸರು ಒಂದೇ ಆದ್ರೂ ಇದು ಬೇರೆ ಸಾಮಾನು. ಇಲ್ಲಿ ಹೇಳುವ ಸ್ಟೆಬಿಲೈಸರ್ ಡಬ್ಬಿಯಲ್ಲ, ಜನರೇಟರಿನ ಎವಿಆರ್‌ಗೆ ಒಂದು ಸಣ್ಣ ಸಿಗ್ನಲ್ ಕೊಡುವ ಲೆಕ್ಕ. ಪಂಪಿನ ವಿಚಾರಕ್ಕೆ ಬೇರೆ ಎಳೆ ತೆಗೀರಿ, ಅಲ್ಲಿ ಹೇಳ್ತೀನಿ.

ಕಾಕಾ ಅವರ ಮಾತನ್ನು ಒಂದೇ ಏಟಿಗೆ ತಳ್ಳಿಹಾಕಬೇಡಿ, ಪರೀಕ್ಷೆ ಮಾಡಿ ನೋಡಿ. ಕಂಟ್ರೋಲ್ ವಾಲ್ವ್ ಪೊಸಿಷನ್, ಮೆಗಾವ್ಯಾಟ್, ಫೀಲ್ಡ್ ವೋಲ್ಟೇಜ್ ಮೂರನ್ನೂ ಒಂದೇ ಟ್ರೆಂಡಿನಲ್ಲಿ ಹಾಕಿ, ಸೆಕೆಂಡಿಗೆ ಕನಿಷ್ಠ 20 ಸ್ಯಾಂಪಲ್ ಇರಲಿ. ಡಿಸಿಎಸ್‌ನ ಒಂದು ಸೆಕೆಂಡಿನ ಟ್ರೆಂಡ್ ನಂಬಬೇಡಿ, ಸೆಕೆಂಡಿಗೊಂದು ತೂಗಾಟ ಅದರಲ್ಲಿ ಗೆರೆ ಗೆರೆಯಾಗಿ ಸುಳ್ಳು ಚಿತ್ರ ಕೊಡುತ್ತದೆ. ಗವರ್ನರ್ ಮೂಲವಾಗಿದ್ದರೆ ವಾಲ್ವ್ ಮೊದಲು ಸರಿಯುತ್ತದೆ, ಮೆಗಾವ್ಯಾಟ್ ಅದರ ಹಿಂದೆ ಹೋಗುತ್ತದೆ. ಎವಿಆರ್ ಮೂಲವಾಗಿದ್ದರೆ ವಾಲ್ವ್ ಹೆಚ್ಚುಕಡಿಮೆ ನಿಂತೇ ಇರುತ್ತದೆ, ಫೀಲ್ಡ್ ವೋಲ್ಟೇಜ್ ಮಾತ್ರ ಮೆಗಾವ್ಯಾಟಿನ ಜೊತೆ ಕುಣಿಯುತ್ತದೆ.

ಖಚಿತವಾಗಿ ಗೊತ್ತಾಗಬೇಕೆಂದರೆ ತೂಗಾಟ ಕಾಣುತ್ತಿರುವಾಗ ಎವಿಆರ್ ಅನ್ನು ಮ್ಯಾನುವಲ್‌ಗೆ, ಅಂದರೆ ಫೀಲ್ಡ್ ಕರೆಂಟ್ ಹಿಡಿಯುವ ಮೋಡ್‌ಗೆ ಹಾಕಿ. ನಾಲ್ಕೈದು ತೂಗಿನಲ್ಲಿ ಸತ್ತರೆ ಅಪರಾಧಿ ಸಿಕ್ಕಂತೆ. ಆದರೆ ಲೀಡಿಂಗ್‌ನಲ್ಲಿ, ಒಂದೇ ಲೈನಿನ ಮೇಲೆ ಮ್ಯಾನುವಲ್ ಅಪಾಯ. ಅಂಥ ಜಾಗದಲ್ಲಿ ಮಷೀನನ್ನು ಹಿಡಿದಿಟ್ಟಿರುವುದೂ ಅದೇ ಎವಿಆರ್. ಮೊದಲು 20 ಮೆಗಾವ್ಯಾಟಿಗೆ ಇಳಿಸಿ, ತೂಗಾಟ ಸಣ್ಣದಾಗಿ ಕಾಣುವ ಹಂತದಲ್ಲಿ ಮಾಡಿ. ಪ್ಯಾನೆಲ್ ಮುಂದೆ ಒಬ್ಬರು ಆಟೋ ಬಟನ್ ಮೇಲೆ ಬೆರಳಿಟ್ಟು ನಿಂತಿರಲಿ.

ಸೇಡಂ ರಸ್ತೆ

ಮಾಡಿದ್ವಿ ಸರ್. ವಾಲ್ವ್ 0.2 ಪರ್ಸೆಂಟೂ ಅಲುಗಾಡಲಿಲ್ಲ. ಫೀಲ್ಡ್ ವೋಲ್ಟೇಜ್ ಮಾತ್ರ ಜೋರಾಗಿ ಏರಿಳಿತ. ಮ್ಯಾನುವಲ್‌ಗೆ ಹಾಕಿದ ಮೂರನೇ ತೂಗಿಗೆ ಅರ್ಧ ಆಯ್ತು, ಆರೇಳು ತೂಗಿನ್ಯಾಗ ಮುಳ್ಳು ನಿಂತ್ತು. ಆಟೋಗೆ ವಾಪಸ್ ತಂದ್ವಿ, ಒಂದು ನಿಮಿಷದಾಗ ಮತ್ತ ಸುರು. ಕಾಕಾ, ಎಣ್ಣಿ ಉಳೀತು ನೋಡ್ರಿ.

ಆದ್ರ ನನಗ ತಿಳೀವಲ್ದು. ವೋಲ್ಟೇಜ್ ಸರಿ ಇಡೋ ಸಾಮಾನು ಮೆಗಾವ್ಯಾಟ್ ಯಾಕ ತೂಗಸ್ತದ? ಅದೂ ಫಾಸ್ಟ್ ಇದ್ದಷ್ಟೂ ಚಲೋ ಅಂತ ಎಕ್ಸೈಟರ್ ಕೊಟ್ಟವ್ರೇ ಹೇಳ್ಯಾರ.

ಭೀಮಾ ತೀರ

ಅವರು ಹೇಳಿದ್ದು ಸುಳ್ಳಲ್ಲ. ಲೈನಿನಲ್ಲಿ ಫಾಲ್ಟ್ ಆದ ಮೊದಲ ಅರೆ ಸೆಕೆಂಡಿನಲ್ಲಿ ಮಷೀನ್ ಸಿಂಕ್ರೊನಿಸಂ ಕಳೆದುಕೊಳ್ಳದಂತೆ ಹಿಡಿಯುವುದು ಅದೇ ವೇಗದ ಎಕ್ಸೈಟರ್. ಆ ಹಿಡಿತಕ್ಕೆ ಕೊಡುವ ಬೆಲೆ ಈ ತೂಗಾಟ.

ನಿಮ್ಮ ರಾತ್ರಿಯ ಸ್ಥಿತಿಯನ್ನೇ ತಗೊಳ್ಳಿ. ಲೋಡ್ ಜಾಸ್ತಿ, ಫೀಲ್ಡ್ ಕಡಿಮೆ, ಮುಂದೆ ಒಂದೇ ಲೈನು. ರೋಟರ್ ಆಂಗಲ್ ಮೊದಲೇ ತುಂಬಾ ಚಾಚಿಕೊಂಡಿರುತ್ತದೆ. ಈಗ ರೋಟರ್ ಇನ್ನಷ್ಟು ಮುಂದೆ ಹೋದರೆ ಜನರೇಟರಿನ ಬಾಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಹಗಲು ಎರಡು ಲೈನ್, ಕಡಿಮೆ ಎಕ್ಸ್‌ಪೋರ್ಟ್ ಇದ್ದಾಗ ಹೀಗಾಗುವುದಿಲ್ಲ, ಆಗ ಅದೇ ಅಲುಗಾಟಕ್ಕೆ ಟರ್ಮಿನಲ್ ವೋಲ್ಟೇಜ್ ಅಷ್ಟಾಗಿ ಬದಲಾಗದು, ಇಲ್ಲವೇ ಸ್ವಲ್ಪ ಏರುತ್ತದೆ. ಡಿ ಮೆಲ್ಲೊ ಮತ್ತು ಕಾನ್‌ಕಾರ್ಡಿಯಾ 1969ರಲ್ಲಿ ಇದನ್ನು ಲೆಕ್ಕಕ್ಕೆ ಇಳಿಸಿದಾಗ K5 ಎಂಬ ಗುಣಾಂಕ ಋಣ ಆಗುವುದು ಅಂತ ತೋರಿಸಿದ್ದು ಇದನ್ನೇ.

ವೋಲ್ಟೇಜ್ ಕುಸಿದದ್ದನ್ನು ಎವಿಆರ್ ಕಂಡ ಕೂಡಲೇ ಫೀಲ್ಡ್ ಏರಿಸುತ್ತದೆ, 200 ಪಟ್ಟು ಜೋರಾಗಿ. ಆದರೆ ಫೀಲ್ಡ್ ವೈಂಡಿಂಗಿನ ಇಂಡಕ್ಟನ್ಸ್ ದಾಟಿ ಫ್ಲಕ್ಸ್ ಏರಲು ಹೊತ್ತು ಬೇಕು. ಫ್ಲಕ್ಸ್ ಬಂದು ತಲುಪುವಷ್ಟರಲ್ಲಿ ರೋಟರ್ ತಿರುಗಿ ಹಿಂದಕ್ಕೆ ಬರುತ್ತಿರುತ್ತದೆ, ವೇಗ ಸಿಂಕ್ರೊನಸ್‌ಗಿಂತ ಕೆಳಗಿರುತ್ತದೆ. ಆ ಹೊತ್ತಿನಲ್ಲಿ ಹೆಚ್ಚಿನ ವಿದ್ಯುತ್ ಟಾರ್ಕ್ ಬಂದರೆ ರೋಟರನ್ನು ಇನ್ನೂ ಹಿಂದಕ್ಕೆ ಎಳೆಯುತ್ತದೆ. ಪಂಚಮಿ ಜೋಕಾಲಿಯನ್ನು ಹಿಂದಕ್ಕೆ ಹೋಗುವಾಗಲೇ ಹಿಂದಕ್ಕೆ ಜಗ್ಗಿದ ಹಾಗೆ. ಪ್ರತಿ ಸುತ್ತಿಗೂ ಇದು ನಡೆದರೆ ಮಷೀನಿನ ಡ್ಯಾಂಪರ್ ವೈಂಡಿಂಗ್ ಕೊಡುವ ಅಷ್ಟಿಷ್ಟು ಡ್ಯಾಂಪಿಂಗ್ ತಿಂದುಹೋಗುತ್ತದೆ. ನಿಮ್ಮ ತೂಗಾಟ ಬೆಳೆಯದೆ ಸಾಯದೆ ನಿಂತಿದೆ ಎಂದರೆ ಎರಡೂ ಸರಿಸಮ ಆಗಿವೆ. ಇನ್ನೊಂದು ನಾಲ್ಕು ಎಂವಾರ್ ಲೀಡಿಂಗ್ ಹೋದರೆ ಬೆಳೆಯಲು ಶುರುವಾಗುತ್ತದೆ.

ಶಹಾಪುರದ ರಿಲೇ

ಲೀಡಿಂಗ್‌ನಲ್ಲೇ ಜಾಸ್ತಿ ಯಾಕೆ ಅನ್ನೋದಕ್ಕೂ ಉತ್ತರ ಇದರಲ್ಲೇ ಇದೆ. ಅಂಡರ್ ಎಕ್ಸೈಟೇಶನ್ ಲಿಮಿಟರ್ ಎಲ್ಲಿ ಕೂತಿದೆ ನೋಡಿ. ಮೈನಸ್ 6ರ ಹತ್ತಿರವೇ ಇದ್ದರೆ ಲಿಮಿಟರ್ ಒಳಹೊರಗೆ ಹೋಗಿಬಂದು ಇದೇ ಥರ ತೂಗಿಸಬಹುದು. ಪಿಎಸ್‌ಎಸ್ ಹಾಕುವ ಮುಂಚೆ ಆ ಅನುಮಾನ ತೆಗೆದುಹಾಕಿ.

ಸೇಡಂ ರಸ್ತೆ

ಲಿಮಿಟರ್ 24 ಮೆಗಾವ್ಯಾಟಿಗೆ ಮೈನಸ್ 10ರ ಹತ್ರ ಅದ ಮೇಡಂ. ಅಲಾರ್ಮ್ ಬಂದಿಲ್ಲ, ಇವೆಂಟ್ ಲಿಸ್ಟ್ ಪೂರ್ತಿ ನೋಡೀನಿ.

ಟರ್ಬೈನ್ ಕಾಕಾ

ಸರಿ, ಗವರ್ನರ್ ಅಲ್ಲ ಅಂತಾತು. ಹಂಗಿದ್ರ ಪಿಎಸ್‌ಎಸ್ ಗೊಡವಿ ಯಾಕ? ಎವಿಆರ್ ಗೇನ್ 200 ಇದ್ದದ್ದು 20 ಮಾಡ್ರಿ, ಮುಗೀತು. ಹಳೇ ಎವಿಆರ್ ನಿಧಾನ ಇತ್ತು, ಅದಕ್ಕ ತೂಗಾಟ ಇರಲಿಲ್ಲ. ಮತ್ತ ಸಿಇಎ ನಿಯಮದಾಗ 100 ಮೆಗಾವ್ಯಾಟ್ ಮತ್ತು ಮ್ಯಾಲಿನ ಮಷೀನಿಗೇ ಪಿಎಸ್‌ಎಸ್ ಕೇಳೋದು. 30 ಮೆಗಾವ್ಯಾಟಿನವ್ರಿಗೆ ಯಾರೂ ಕೇಳಂಗಿಲ್ಲ.

ಭೀಮಾ ತೀರ

ಕಾಕಾ, ಅರ್ಧ ಸರಿ ಹೇಳಿದ್ರಿ. ಗೇನ್ ಇಳಿಸಿದರೆ ತೂಗಾಟ ನಿಲ್ಲುತ್ತದೆ, ಅನುಮಾನ ಬೇಡ. ಆದರೆ 20 ಗೇನ್ ಅಂದರೆ ಲೋಡ್ ಬದಲಾದಾಗ ವೋಲ್ಟೇಜ್ ಸೆಟ್ ಪಾಯಿಂಟಿನಿಂದ ಹಲವು ಪರ್ಸೆಂಟ್ ದೂರ ನಿಲ್ಲುತ್ತದೆ. ಅದನ್ನು ಇಂಟಿಗ್ರಲ್ ಹಾಕಿ ಸರಿಪಡಿಸಬಹುದು ಅಂತಿಟ್ಟುಕೊಳ್ಳಿ. ಫಾಲ್ಟ್ ಹೊತ್ತಿನ ಫೋರ್ಸಿಂಗ್ ಮಾತ್ರ ವಾಪಸ್ ಬರುವುದಿಲ್ಲ. ವೋಲ್ಟೇಜ್ 10 ಪರ್ಸೆಂಟ್ ಬಿದ್ದರೆ 200 ಗೇನ್ ಎಕ್ಸೈಟರನ್ನು ನೇರ ಸೀಲಿಂಗಿಗೆ ಒಯ್ಯುತ್ತದೆ, 20 ಗೇನ್ ಫೀಲ್ಡ್ ವೋಲ್ಟೇಜನ್ನು ಬರೀ 2 ಪರ್ ಯೂನಿಟ್ ಏರಿಸುತ್ತದೆ. ಒಂದೇ ಲೈನಿನ ಮೇಲೆ ನಿಂತಿರುವಾಗ ಇದು ಟ್ರಿಪ್ಪಿಗೂ ಉಳಿವಿಗೂ ಇರುವ ವ್ಯತ್ಯಾಸ ಆಗಬಹುದು.

ಇನ್ನೊಂದು ಮಾತು ಬಹಳ ಜನ ಮರೆಯುವುದು. ಪಿಎಸ್‌ಎಸ್ ತನ್ನ ಕೆಲಸ ಮಾಡುವುದೂ ಅದೇ ಎವಿಆರ್ ಮೂಲಕ. ಗೇನ್ ಇಳಿಸಿದರೆ ಮುಂದೆ ಪಿಎಸ್‌ಎಸ್ ಹಾಕಿದಾಗ ಅದರ ಕೈಯನ್ನೂ ಕಟ್ಟಿದಂತೆ. ಹಾಗಾಗಿ ಎರಡು ದಾರಿಯಲ್ಲಿ ಒಂದನ್ನು ಹಿಡಿಯಬೇಕು. ನಿಯಮದ ಮಾತು ನಿಜ, ಆದರೆ ತೂಗಾಟ ನಿಯಮಪುಸ್ತಕ ಓದಿ ಬರುವುದಿಲ್ಲ. ಬ್ಲಾಕ್ ಒಳಗೇ ಇದೆ, ಹೊಸ ಸಾಮಾನು ಕೊಳ್ಳಬೇಕಿಲ್ಲ.

ಸೇಡಂ ರಸ್ತೆ

ನಾವು ಪಿಎಸ್‌ಎಸ್ ಹಾದಿನೇ ಹಿಡೀತೀವಿ. ಎಲ್ಲಿಂದ ಸುರು ಮಾಡಬೇಕು?

ಭೀಮಾ ತೀರ

ಫೇಸ್‌ನಿಂದ. ಪಿಎಸ್‌ಎಸ್‌ನ ಗುರಿ ಒಂದೇ: ರೋಟರ್ ವೇಗ ಏರಿದಾಗ ಅದೇ ಕ್ಷಣಕ್ಕೆ ವಿದ್ಯುತ್ ಟಾರ್ಕ್ ಏರಬೇಕು, ವೇಗ ಇಳಿದಾಗ ಇಳಿಯಬೇಕು. ಆದರೆ ಎವಿಆರ್‌ಗೆ ಕೊಟ್ಟ ಸಿಗ್ನಲ್ ಟಾರ್ಕ್ ಆಗಿ ಬರುವಷ್ಟರಲ್ಲಿ ಹಿಂದೆ ಬೀಳುತ್ತದೆ. ಎಷ್ಟು ಹಿಂದೆ ಬೀಳುತ್ತದೋ ಅಷ್ಟು ಮುಂಚಿತವಾಗಿ ಸಿಗ್ನಲ್ ಕೊಡಬೇಕು, ಲೀಡ್-ಲ್ಯಾಗ್ ಬ್ಲಾಕಿನ ಕೆಲಸ ಅದು.

ಹಿಂದೆ ಬೀಳುವುದನ್ನು ಸೈಟಿನಲ್ಲೇ ಅಳೆಯಬಹುದು. ಪಿಎಸ್‌ಎಸ್ ಆಫ್ ಇಟ್ಟು, ಎವಿಆರ್ ಸಮ್ಮಿಂಗ್ ಪಾಯಿಂಟಿಗೆ 0.5 ಪರ್ಸೆಂಟಿನ ಸೈನ್ ಸಿಗ್ನಲ್ ಕೊಡಿ. ಹೆಚ್ಚಿನ ಡಿಜಿಟಲ್ ಎವಿಆರ್‌ಗಳ ಸಾಫ್ಟ್‌ವೇರಿನಲ್ಲೇ ಈ ಟೆಸ್ಟ್ ಇರುತ್ತದೆ. 0.1 ಇಂದ 3 ಹರ್ಟ್ಜ್ ತನಕ ಹೋಗಿ, ಕೊಟ್ಟ ಸಿಗ್ನಲ್‌ಗೂ ಟರ್ಮಿನಲ್ ವೋಲ್ಟೇಜಿಗೂ ನಡುವಿನ ಫೇಸ್ ಬರೆದುಕೊಳ್ಳಿ. ಟಾರ್ಕ್ ನೇರವಾಗಿ ಅಳೆಯಲು ಬಾರದು, ಟರ್ಮಿನಲ್ ವೋಲ್ಟೇಜ್ ಅದರ ಬದಲಿಗೆ ಸಾಕಷ್ಟು ಹತ್ತಿರ ಇರುತ್ತದೆ.

ಒಂದು ಎಚ್ಚರ. ಪೂರ್ತಿ ಲೋಡಿನಲ್ಲಿ ಮಾಡಿದರೆ 1 ಹರ್ಟ್ಜ್ ಸುತ್ತಮುತ್ತ ಮಷೀನೇ ತೂಗಿ ಫೇಸ್ ಗೆರೆಯಲ್ಲಿ ಒಂದು ಗಂಟು ಬೀಳುತ್ತದೆ. ಆ ಗಂಟು ನೋಡಿ ಟ್ಯೂನ್ ಮಾಡಿದವರು ಕೆಟ್ಟರು. 5-6 ಮೆಗಾವ್ಯಾಟಿನಲ್ಲಿ ಮಾಡಿ, ಗೆರೆ ನುಣ್ಣಗೆ ಬರುತ್ತದೆ. ಎರಡು ಲೈನ್ ಇದ್ದಾಗ ಒಮ್ಮೆ, ಒಂದೇ ಲೈನ್ ಇದ್ದಾಗ ಒಮ್ಮೆ.

ಸೇಡಂ ರಸ್ತೆ

ನಾಲ್ಕು ದಿನ ಆತು, ಲೈನ್ ತೆಗೀಲಾಕ ಪರ್ಮಿಶನ್ ಸಿಗಬೇಕಿತ್ತು. ಇದು ಬಂದದ್ದು, ಡಿಗ್ರಿಯೊಳಗ:

```
Hz     2 ಲೈನ್    1 ಲೈನ್
0.3     -10       -8
1.0     -31       -25
2.0     -58       -49
```

ನನಗ ವಿಚಿತ್ರ ಅನಿಸಿದ್ದು, ಲೈನ್ ಒಂದೇ ಇದ್ದಾಗ ಲ್ಯಾಗ್ ಕಮ್ಮಿ ಅದ. ತೂಗಾಟ ಇರೋದು ಆವಾಗಲೇ ಅಲ್ಲ?

ಭೀಮಾ ತೀರ

ವಿಚಿತ್ರ ಅಲ್ಲ. ಗ್ರಿಡ್ ಗಟ್ಟಿಯಾಗಿದ್ದಾಗ ಟರ್ಮಿನಲ್ ವೋಲ್ಟೇಜನ್ನು ಗ್ರಿಡ್ಡೇ ಹಿಡಿದಿರುತ್ತದೆ, ಫೀಲ್ಡ್ ಎಷ್ಟು ಎಳೆದರೂ ವೋಲ್ಟೇಜ್ ಸ್ವಲ್ಪವೇ ಸರಿಯುತ್ತದೆ. ಎವಿಆರ್ ಲೂಪ್ ಅಷ್ಟರಮಟ್ಟಿಗೆ ನಿಧಾನ ಆಗುತ್ತದೆ. ಒಂದೇ ಲೈನ್ ಇದ್ದಾಗ ವೋಲ್ಟೇಜ್ ಮಷೀನಿನ ಕೈಯಲ್ಲಿ, ಲೂಪ್ ಚುರುಕು. ಅದಕ್ಕೇ ಫೇಸನ್ನು ಎರಡು ಲೈನಿನ ಅಂಕಿಗೆ ಸ್ವಲ್ಪ ಕಡಿಮೆ ಬೀಳುವಂತೆ ಇಡಬೇಕು. ಎರಡು ಲೈನಿಗೆ ಪೂರ್ತಿ ಕೊಟ್ಟರೆ ಒಂದು ಲೈನಿನಲ್ಲಿ ಮಿತಿಮೀರುತ್ತದೆ, ಮಿತಿಮೀರಿದ ಲೀಡ್ ಸಿಂಕ್ರೊನೈಸಿಂಗ್ ಟಾರ್ಕನ್ನು ತಿನ್ನುತ್ತದೆ, ಅದೂ ಬೇಕೇ ಬೇಕಿರುವ ಹೊತ್ತಿನಲ್ಲಿ.

ನಿಮ್ಮ ಅಂಕಿಗೆ ಒಂದೇ ಬ್ಲಾಕ್ ಸಾಕು. T1 = 0.12, T2 = 0.03 ಹಾಕಿ ನೋಡೋಣ. 1 ಹರ್ಟ್ಜ್ ಅಂದರೆ ಸೆಕೆಂಡಿಗೆ 6.28 ರೇಡಿಯನ್. T1 ಕೊಡುವ ಲೀಡ್ 37 ಡಿಗ್ರಿ, T2 ಕಳೆಯುವುದು ಸುಮಾರು 11, ಉಳಿದದ್ದು 26. 10 ಸೆಕೆಂಡಿನ ಎರಡು ವಾಶೌಟ್ ಸೇರಿಸಿದರೆ ಇನ್ನೊಂದು ಎರಡು ಡಿಗ್ರಿ, ಒಟ್ಟು 28. ಎರಡು ಲೈನಿಗೆ 3 ಡಿಗ್ರಿ ಕಡಿಮೆ, ಒಂದು ಲೈನಿಗೆ 3 ಡಿಗ್ರಿ ಜಾಸ್ತಿ. ಇದಕ್ಕಿಂತ ಚೆನ್ನಾಗಿ ನಡುವೆ ಕೂರಿಸಲು ಆಗದು. 2 ಹರ್ಟ್ಜ್‌ನಲ್ಲಿ ಬರುವುದು ಸುಮಾರು 37, ಅಂದರೆ ಎರಡು ಲೈನಿಗೆ 21 ಕಡಿಮೆ. 30ರೊಳಗೆ ಕಡಿಮೆ ಇದ್ದರೆ ನಡೆಯುತ್ತದೆ.

ಮಾಂಜ್ರಾ

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ಬೀದರ್ ಕಡೆ ಒಂದು ಸಕ್ಕರೆ ಕಾರ್ಖಾನೆ ಕೋಜನ್, 18 ಮೆಗಾವ್ಯಾಟ್, ಬ್ರಶ್‌ಲೆಸ್ ಎಕ್ಸೈಟರ್. ನಮ್ಮಲ್ಲೂ ಮೆಗಾವ್ಯಾಟ್ ತೂಗ್ತದ, ಪಿಎಸ್‌ಎಸ್ ಆನ್ ಮಾಡಿದ್ರೂ ಅಷ್ಟೇ, ಆಫ್ ಮಾಡಿದ್ರೂ ಅಷ್ಟೇ. ನಾನೂ 0.12, 0.03 ಹಾಕ್ಲಾ?

ಭೀಮಾ ತೀರ

ಹಾಕಬೇಡಿ. ಬ್ರಶ್‌ಲೆಸ್‌ನಲ್ಲಿ ಎಕ್ಸೈಟರ್ ಮಷೀನಿನ ಫೀಲ್ಡ್ ಒಂದು ಹೆಚ್ಚಿನ ಲ್ಯಾಗ್ ಕೂಡಿಸುತ್ತದೆ, 1 ಹರ್ಟ್ಜ್‌ಗೆ 90 ಡಿಗ್ರಿ ಸುತ್ತಮುತ್ತ ಬಂದರೂ ಆಶ್ಚರ್ಯ ಇಲ್ಲ. ಒಂದು ಬ್ಲಾಕ್ ಹೆಚ್ಚೆಂದರೆ 50-55 ಡಿಗ್ರಿ ಕೊಡಬಲ್ಲದು, ಅದೂ T1 T2ರ ಹತ್ತು ಪಟ್ಟು ಇದ್ದಾಗ. ನಿಮಗೆ ಎರಡು ಬ್ಲಾಕ್ ಬೇಕಾಗುತ್ತದೆ. ಜೊತೆಗೆ ತಿರುಗುವ ಡಯೋಡ್ ಫೀಲ್ಡ್ ವೋಲ್ಟೇಜನ್ನು ಋಣಕ್ಕೆ ಒಯ್ಯಲು ಬಿಡುವುದಿಲ್ಲ, ಇಳಿಸುವ ಕಡೆ ಕೈ ಸೋಲುತ್ತದೆ. ಅದಿರಲಿ, ನಿಮ್ಮ ತೂಗಾಟ ಸೆಕೆಂಡಿಗೆ ಎಷ್ಟು?

ಮಾಂಜ್ರಾ

ಒಂದು ತೂಗಿಗೆ ಐದು ಸೆಕೆಂಡ್ ಹಿಡೀತದ.

ಭೀಮಾ ತೀರ

0.2 ಹರ್ಟ್ಜ್. ಅಷ್ಟು ಸಣ್ಣ ಮಷೀನ್ ಗ್ರಿಡ್ ವಿರುದ್ಧ ಅಷ್ಟು ನಿಧಾನವಾಗಿ ತೂಗುವುದಿಲ್ಲ. ನಿಮ್ಮದು ಎಕ್ಸ್‌ಟ್ರಾಕ್ಷನ್ ಟರ್ಬೈನ್ ಇದ್ದರೆ ಎಕ್ಸ್‌ಟ್ರಾಕ್ಷನ್ ಪ್ರೆಶರ್ ಕಂಟ್ರೋಲೂ ಗವರ್ನರೂ ಜಗಳಾಡುತ್ತಿರಬಹುದು. ಕಾಕಾ ಇಲ್ಲಿ ಹೇಳಿದ್ದು ನಿಮಗೆ ಸರಿ ಹೋಗಬಹುದು. ಮೊದಲು ಆ ವಾಲ್ವ್ ಟ್ರೆಂಡ್, ಮ್ಯಾನುವಲ್ ಟೆಸ್ಟ್ ಮಾಡಿ.

ಟರ್ಬೈನ್ ಕಾಕಾ

ಅಂತೂ ಒಂದಾದ್ರೂ ಸಿಕ್ತು ನನಗ.

ಸೇಡಂ ರಸ್ತೆ

ಗೇನ್ Ks1 ಎಷ್ಟು ಇಡ್ಲಿ ಸರ್? ಫ್ಯಾಕ್ಟರಿ ಡಿಫಾಲ್ಟ್ 5 ಅದ.

ಭೀಮಾ ತೀರ

ಡಿಫಾಲ್ಟ್ ಬಿಡಿ, ಏರಿಸಿ ನೋಡಿಯೇ ಇಡಬೇಕು. ಲೋಡ್ ಜಾಸ್ತಿ ಇರುವಾಗ, ಎರಡೂ ಲೈನ್ ಇರುವಾಗ ಮಾಡಿ. ಗಟ್ಟಿ ಗ್ರಿಡ್ಡಿನಲ್ಲೇ ಪಿಎಸ್‌ಎಸ್‌ನಿಂದ ಟಾರ್ಕಿಗೆ ಹೋಗುವ ದಾರಿಯ ಗೇನ್ ಜಾಸ್ತಿ, ಕಂಟ್ರೋಲ್ ಕೆಡುವುದೂ ಮೊದಲು ಅಲ್ಲೇ. 1ರಿಂದ ಶುರು ಮಾಡಿ 2, 5, 10 ಅಂತ ಏರಿಸಿ. ಪ್ರತಿ ಸಲವೂ ಒಂದು ನಿಮಿಷ ಫೀಲ್ಡ್ ವೋಲ್ಟೇಜ್ ನೋಡಿ, ಮೆಗಾವ್ಯಾಟ್ ಅಲ್ಲ. ಎಲ್ಲೋ ಒಂದು ಕಡೆ ಫೀಲ್ಡ್ ವೋಲ್ಟೇಜ್ ಸೆಕೆಂಡಿಗೆ ಮೂರು-ನಾಲ್ಕು ಸಲ ನಡುಗಲು ಶುರು ಮಾಡುತ್ತದೆ. ಅದು ಬೇರೆ ತೂಗಾಟ, ಪಿಎಸ್‌ಎಸ್ ತಾನೇ ಹುಟ್ಟಿಸಿದ್ದು. ನಡುಕ ಸಾಯದೆ ನಿಂತ ಗೇನ್ ಬರೆದುಕೊಂಡು ತಕ್ಷಣ ಇಳಿಸಿ, ಅದರ ಮೂರನೇ ಒಂದು ಭಾಗ ಇಡಿ. ಔಟ್‌ಪುಟ್ ಲಿಮಿಟ್ ಮೇಲೆ ಕೆಳಗೆ 5 ಪರ್ಸೆಂಟ್ ಇರಲಿ.

ಮೊದಲ ಸಲ ಆನ್ ಮಾಡಿದಾಗಲೇ, ಗೇನ್ 1ರಲ್ಲೇ ತೂಗಾಟ ಜಾಸ್ತಿ ಆದರೆ ನಿಲ್ಲಿಸಿ. ಅದು ಗೇನಿನ ತಪ್ಪಲ್ಲ, ಪವರ್ ಇನ್‌ಪುಟ್ಟಿನ ಸಿಟಿ ಪೊಲಾರಿಟಿ ತಿರುಗಿರುತ್ತದೆ. ಎವಿಆರ್ ಸ್ಕ್ರೀನಿನಲ್ಲಿ ಮೆಗಾವ್ಯಾಟ್ ಎಕ್ಸ್‌ಪೋರ್ಟ್‌ಗೆ ಪ್ಲಸ್ ತೋರಿಸುತ್ತಿದೆಯಾ ಅಂತ ಮುಂಚೆಯೇ ನೋಡಿಕೊಳ್ಳಿ.

ಸೇಡಂ ರಸ್ತೆ

ಆತ್ರಿ. 30ಕ್ಕ ಫೀಲ್ಡ್ ವೋಲ್ಟೇಜ್ ಸಣ್ಣಗ ನಡುಗಿ ಸತ್ತಿತು, 36ಕ್ಕ ನಿಲ್ಲಲೇ ಇಲ್ಲ. 12 ಇಟ್ಟೀವಿ. ಆಮ್ಯಾಲೆ ಒಂದೇ ಲೈನಿನ ಮ್ಯಾಲೆ ಎವಿಆರ್ ರೆಫರೆನ್ಸಿಗೆ 2 ಪರ್ಸೆಂಟ್ ಸ್ಟೆಪ್ ಕೊಟ್ಟು ಮೆಗಾವ್ಯಾಟ್ ರೆಕಾರ್ಡ್ ಮಾಡೀವಿ. ಹೋಲಿಸ್ಲಾಕ ಅಂತ ಮೊದಲು ಪಿಎಸ್‌ಎಸ್ ಆಫ್ ಇಟ್ಟು, ಎಂವಾರ್ ಸೊನ್ನಿಗೆ ತಂದು ಮಾಡಿದ್ದು. ಮೊದಲ ಶಿಖರ 2.0 ಮೆಗಾವ್ಯಾಟ್, ಮುಂದಿಂದು 1.8, ಅದರ ಮುಂದಿಂದು 1.62. ಪಿಎಸ್‌ಎಸ್ ಆನ್ ಮಾಡಿದ ಮ್ಯಾಲೆ 2.0, 0.7, ಆಮ್ಯಾಲೆ ಕಾಣಲೇ ಇಲ್ಲ. ರಾತ್ರಿ ಮೈನಸ್ 6ರಾಗೂ ಮುಳ್ಳು ಗಪ್ಪ್ ಕುಂತದ.

ಶಹಾಪುರದ ರಿಲೇ

ಸೊಗಸಾಗಿದೆ. ಪ್ರತಿ ತೂಗಿಗೆ 0.9 ಪಟ್ಟು ಉಳಿಯುತ್ತಿದ್ದರೆ ಡ್ಯಾಂಪಿಂಗ್ 1.7 ಪರ್ಸೆಂಟ್, 0.35 ಪಟ್ಟು ಉಳಿದರೆ ಹತ್ತಿರಹತ್ತಿರ 16-17 ಪರ್ಸೆಂಟ್. ಈ ಎರಡು ಗ್ರಾಫನ್ನು ಪ್ರಿಂಟ್ ಹಾಕಿ ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿಡಿ. ಮುಂದೆ ಯಾರಾದರೂ ಸೆಟ್ಟಿಂಗ್ ಮುಟ್ಟಿದರೆ ಹೋಲಿಸಲು ಬೇಕಾಗುತ್ತದೆ.

ಸೇಡಂ ರಸ್ತೆ

ವಾರ ಆತು, ಹೊಸ ತಕರಾರು ಬಂದದ. ತೂಗಾಟ ಇಲ್ಲ, ಖರೆ. ಆದ್ರ ಲೋಡ್ 24ರಿಂದ 20ಕ್ಕ ಇಳಿಸಿದ್ರ, ಐದು ಸೆಕೆಂಡಿನ ಕೆಲಸ, ಎಂವಾರ್ ಒಮ್ಮೆಲೇ 4 ಏರಿ ಮತ್ತ ಮೆಲ್ಲಗ ಇಳೀತದ. ಪಿಎಸ್‌ಎಸ್ ಔಟ್‌ಪುಟ್ ಅಷ್ಟೊತ್ತಿಗೆ 5 ಪರ್ಸೆಂಟಿಗೆ ಬಡಿದಿರ್ತದ. ಲೋಡ್ ಏರಿಸಿದ್ರ ಉಲ್ಟಾ, ಎಂವಾರ್ ಇಳೀತದ. ಆಪರೇಟರ್‌ಗಳು ಪಿಎಸ್‌ಎಸ್ ಆಫ್ ಮಾಡ್ರಿ ಅಂತ ಗಂಟು ಬಿದ್ದಾರ.

ಶಹಾಪುರದ ರಿಲೇ

Ks2 ತಪ್ಪಿರಬೇಕು. ಅದರ ಲೆಕ್ಕ T7 / (2H). H ಅಂದರೆ ಜನರೇಟರ್ ಒಂದರದ್ದಲ್ಲ, ಟರ್ಬೈನ್, ಗೇರ್‌ಬಾಕ್ಸ್ ಎಲ್ಲಾ ಸೇರಿ. ಗೇರ್ ಇದ್ದರೆ ಟರ್ಬೈನಿನ ಜಡತ್ವಕ್ಕೆ ವೇಗದ ಅನುಪಾತದ ವರ್ಗ ಹಾಕಬೇಕು, 6,000ದಿಂದ 1,500ಕ್ಕೆ ಇಳಿದರೆ 16 ಪಟ್ಟು. ಜನರೇಟರ್ ಡೇಟಾ ಶೀಟಿನ H ನೋಡಿ ಹಾಕಿದ್ದರೆ ಅಲ್ಲೇ ಕೆಟ್ಟಿದೆ.

ಸೇಡಂ ರಸ್ತೆ

ಒಟ್ಟು H 3.5, T7 10, Ks2 1.43. ಲೆಕ್ಕ ಸರಿ ಅದ ಅನಸ್ತದ ಮೇಡಂ. ಪೂರ್ತಿ ಸೆಟ್ಟಿಂಗ್ ಹಾಕ್ತೀನಿ:

```
Tw1=Tw2=Tw3=10   T6=0   T7=10
Ks2=1.43   Ks3=1
T8=0   T9=0.1   M=5   N=1
T1=0.12   T2=0.03   Ks1=12
Vstmax=0.05   Vstmin=-0.05
```

ಭೀಮಾ ತೀರ

ಮೇಡಂ ಹೇಳಿದ್ದು ನೋಡಲೇಬೇಕಾದ್ದೇ, ಆದರೆ H ತಪ್ಪಿದ್ದರೆ ಈ ಎಂವಾರ್ ಹೊಡೆತ ಸ್ವಲ್ಪ ಹೆಚ್ಚುಕಡಿಮೆ ಆಗುತ್ತಿತ್ತೇ ಹೊರತು ಅದೇ ಮೂಲ ಆಗುತ್ತಿರಲಿಲ್ಲ. ಮೂರನೇ ಸಾಲು ನೋಡಿ. T8 ಸೊನ್ನೆ.

ಈ ಎರಡು ಇನ್‌ಪುಟ್ಟಿನ ಪಿಎಸ್‌ಎಸ್ ರೋಟರ್ ವೇಗವನ್ನು ವಿದ್ಯುತ್ ಪವರ್‌ನಿಂದ ಲೆಕ್ಕ ಹಾಕುತ್ತದೆ. ಪವರ್ ಇಳಿದರೆ ರೋಟರ್ ವೇಗ ಹಿಡಿಯುತ್ತದೆ ಅಂತ ಅದರ ಊಹೆ. ಆದರೆ ನೀವೇ ಸ್ಟೀಮ್ ಕಡಿಮೆ ಮಾಡಿ ಪವರ್ ಇಳಿಸಿದಾಗ ರೋಟರ್ ವೇಗ ಬದಲಾಗುವುದೇ ಇಲ್ಲ. ಆ ಮೋಸ ಹೋಗದಂತೆ ಮೆಕ್ಯಾನಿಕಲ್ ಪವರನ್ನು ಒಂದು ಫಿಲ್ಟರ್ ಮೂಲಕ ಅಂದಾಜು ಮಾಡಿ ಕಳೆಯಬೇಕು. ಅದೇ T8, T9, M, N. ಆ ಫಿಲ್ಟರ್ ಒಂದೇ ಸಮನೆ ಏರುವ ಅಥವಾ ಇಳಿಯುವ ಸಿಗ್ನಲ್ಲನ್ನು ಹಿಂದೆ ಬೀಳದೆ ಹಿಂಬಾಲಿಸಬೇಕಾದರೆ T8 = M × T9 ಆಗಲೇಬೇಕು, ನಿಮಗೆ 5 × 0.1, ಅಂದರೆ 0.5.

ಸೊನ್ನೆ ಇದ್ದಾಗ ಫಿಲ್ಟರ್ ಅರ್ಧ ಸೆಕೆಂಡ್ ಹಿಂದೆ ಬೀಳುತ್ತದೆ. ನಿಮ್ಮ 4 ಮೆಗಾವ್ಯಾಟ್ ಅಂದರೆ 0.107 ಪರ್ ಯೂನಿಟ್. 2H, ಅಂದರೆ 7ರಿಂದ ಭಾಗಿಸಿ ಅರ್ಧ ಸೆಕೆಂಡಿಗೆ ಗುಣಿಸಿದರೆ 0.0076. ಗೇನ್ 12 ಹಾಕಿದರೆ 9 ಪರ್ಸೆಂಟ್. ವಾಶೌಟ್ ಅದನ್ನು ಸುಮಾರು ಅರ್ಧಕ್ಕೆ ತಂದರೂ ನಿಮ್ಮ 5 ಪರ್ಸೆಂಟಿನ ಲಿಮಿಟಿಗೆ ಬಡಿಯುತ್ತದೆ. T8 0.5 ಮಾಡಿದರೆ ಅದೇ ಲೋಡ್ ಇಳಿಕೆಗೆ ಔಟ್‌ಪುಟ್ ಅರ್ಧ ಪರ್ಸೆಂಟೂ ಮುಟ್ಟಬಾರದು.

ಸೇಡಂ ರಸ್ತೆ

ಹಂಗಾದ್ರ ಸ್ಟೆಪ್ ಟೆಸ್ಟಿನ್ಯಾಗ ಯಾಕ ಸಿಗಲಿಲ್ಲ ಇದು?

ಭೀಮಾ ತೀರ

ಅದೇ ಇದರ ಕುತಂತ್ರ. ಸ್ಟೆಪ್ ಟೆಸ್ಟ್ ಮಾಡುವಾಗ ಸ್ಟೀಮ್ ಬದಲಾಗುವುದಿಲ್ಲ. ಮೆಕ್ಯಾನಿಕಲ್ ಪವರ್ ನಿಂತಿದ್ದಾಗ, Ks2 ಸರಿ ಇದ್ದರೆ, ಈ ಫಿಲ್ಟರ್ ಎಷ್ಟೇ ಕೆಟ್ಟಿರಲಿ ಔಟ್‌ಪುಟ್ ಸರಿಯಾದ ವೇಗವೇ ಬರುತ್ತದೆ. ಡ್ಯಾಂಪಿಂಗ್ ಗ್ರಾಫ್ ಚಂದ ಕಾಣುತ್ತದೆ. ಅದಕ್ಕೆ ಪಿಎಸ್‌ಎಸ್ ಟೆಸ್ಟ್ ಮುಗಿಸುವ ಮುನ್ನ ಯಾವಾಗಲೂ ಒಂದು ಲೋಡ್ ಇಳಿಸುವ, ಏರಿಸುವ ಟೆಸ್ಟೂ ಮಾಡಬೇಕು, ಗವರ್ನರ್ ಬಿಡುವ ಗರಿಷ್ಠ ವೇಗದಲ್ಲಿ.

ಸೇಡಂ ರಸ್ತೆ

T8 0.5 ಮಾಡಿದ್ವಿ. 24ರಿಂದ 20, ಎಂವಾರ್ 0.4 ಅಲುಗಾಡಿ ಸುಮ್ಮನಾತು. ಪಿಎಸ್‌ಎಸ್ ಔಟ್‌ಪುಟ್ 0.4 ಪರ್ಸೆಂಟ್. ಸ್ಟೆಪ್ ಟೆಸ್ಟ್ ಮತ್ತ ಮಾಡಿದ್ವಿ, ಮೊದಲಿನ ಗ್ರಾಫ್ ಮ್ಯಾಲೆ ಇಟ್ರ ಒಂದರ ಮ್ಯಾಲೊಂದು ಕೂಡ್ತದ.

ಶಹಾಪುರದ ರಿಲೇ

ಒಳ್ಳೇದು, ನನ್ನ ಊಹೆ ತಪ್ಪಾಯ್ತು. ಆದರೂ H ಒಮ್ಮೆ ಅಳೆದುಬಿಡಿ. 6 ಮೆಗಾವ್ಯಾಟಿನಲ್ಲಿ ಬ್ರೇಕರ್ ತೆರೆದು ಫ್ರೀಕ್ವೆನ್ಸಿ ಏರುವ ಮೊದಲ ಇಳಿಜಾರು ನೋಡಿ, ಗವರ್ನರ್ ಕೈ ಹಾಕುವ ಮುಂಚಿನದ್ದು. H 3.5 ನಿಜ ಇದ್ದರೆ ಸೆಕೆಂಡಿಗೆ 1.1 ಹರ್ಟ್ಜ್ ಸುತ್ತ ಬರಬೇಕು. 2ರ ಮೇಲೆ ಬಂದರೆ ಯಾರೋ ಟರ್ಬೈನ್ ಬಿಟ್ಟು ಲೆಕ್ಕ ಹಾಕಿದ್ದಾರೆ ಅಂತ ಅರ್ಥ.

ಇನ್ನೊಂದು ಕೇಳಬೇಕಿತ್ತು. ಗ್ರಿಡ್ ಹೋಗಿ ಫ್ಯಾಕ್ಟರಿ ಐಲ್ಯಾಂಡ್ ಆದಾಗ ಪಿಎಸ್‌ಎಸ್ ಆಫ್ ಆಗುತ್ತಾ?

ಸೇಡಂ ರಸ್ತೆ

ಇಲ್ಲ ಮೇಡಂ, 9 ಮೆಗಾವ್ಯಾಟಿನ ಕೆಳಗ ಹೋದ್ರ ಆಫ್ ಅಂತ ಅಷ್ಟೇ ಅದ.

ಶಹಾಪುರದ ರಿಲೇ

110 ಕೆವಿ ಟೈ ಬ್ರೇಕರಿನ ಕಾಂಟ್ಯಾಕ್ಟ್ ತಂದು ಜೋಡಿಸಿ. ಐಲ್ಯಾಂಡಿನಲ್ಲಿ ತೂಗಲು ಎದುರಿಗೆ ಯಾರೂ ಇಲ್ಲ, ಮಿಲ್ ಮೋಟರ್ ಶುರು ಆದಾಗೆಲ್ಲ ಫ್ರೀಕ್ವೆನ್ಸಿ ಇಳಿಯುತ್ತದೆ, ಪಿಎಸ್‌ಎಸ್ ಅದನ್ನು ತೂಗಾಟ ಅಂದುಕೊಂಡು ವೋಲ್ಟೇಜನ್ನೂ ಇಳಿಸುತ್ತದೆ. ಮೋಟರ್ ಎದ್ದೇಳುವ ಹೊತ್ತಿಗೆ ವೋಲ್ಟೇಜ್ ಕಸಿದಂತೆ.

ಭೀಮಾ ತೀರ

ಇದನ್ನು ನಾನು ಒಪ್ಪುವುದು ಅರ್ಧ. ಅಲ್ಪ ಸ್ವಲ್ಪ ವೋಲ್ಟೇಜ್ ಇಳಿದರೆ ಲೋಡೂ ಇಳಿದು ಫ್ರೀಕ್ವೆನ್ಸಿಗೆ ಅನುಕೂಲವೇ ಆಗುವುದುಂಟು. ಆದರೆ ದೊಡ್ಡ ಮೋಟರ್ ಇರುವ ಸಿಮೆಂಟಿನಲ್ಲಿ ಮೇಡಂ ದಾರಿಯೇ ಮೇಲು.

ಮಾಂಜ್ರಾ

ನಾನು ವಾಶೌಟ್ 10 ಇದ್ದದ್ದು 3 ಮಾಡಿದ್ರ ನನ್ನ 0.2 ಹರ್ಟ್ಜ್ ತೂಗಾಟಕ್ಕ ಫರಕ್ ಬೀಳ್ತದೇನ್ರಿ? ಒಬ್ರು ಹಂಗ ಮಾಡ್ಲಾಕ ಹೇಳ್ಯಾರ.

ಭೀಮಾ ತೀರ

3 ಮಾಡಿದರೆ 0.2ರಲ್ಲಿ ಒಂದೊಂದು ವಾಶೌಟ್ 15 ಡಿಗ್ರಿ ಅನವಶ್ಯಕ ಲೀಡ್ ಕೂಡಿಸುತ್ತದೆ, ಎರಡಕ್ಕೆ 30. ಮುಟ್ಟಲೇಬೇಕಾದರೆ T7 ಕೂಡ 3 ಮಾಡಿ, Ks2 ಹೊಸದಾಗಿ ಲೆಕ್ಕ ಹಾಕಿ. ಒಂದು ಬದಲಿಸಿ ಇನ್ನೊಂದು ಮರೆತವರೇ ಹೆಚ್ಚು. ಆದರೆ ಅದಕ್ಕೂ ಮುಂಚೆ ವಾಲ್ವ್ ಟ್ರೆಂಡ್ ಎಲ್ಲಿ?

ಮಾಂಜ್ರಾ

ಈಗ ಕಬ್ಬು ನುರಿಸೋದು ನಿಂತದ, ಮಷೀನ್ ಬಂದ್. ಹಂಗಾಮು ಸುರುವಾದ ಕೂಡ್ಲೇ ಹಾಕ್ತೀನಿ.

ತೊಗರಿ ಹೊಲ

ಪಂಪಿನ ಎಳೆ ತೆಗೆದೀನ್ರಿ ಭೀಮಾ ತೀರ ಅವರ, ಅಲ್ಲಿ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.